ಲೈಟು ಆರಿಸಿದರೆ ಮಸಿ ಹೋಗುತ್ತದೆಯೇ?

ಡೀಸೆಲ್ ಕಾರಿನ ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟು ಹತ್ತಿದರೆ ನಮ್ಮ ಕಡೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚುತ್ತಾರೆ, ಎರಡು ನಿಮಿಷ ನೋಡುತ್ತಾರೆ, ‘ಇಜಿಆರ್ ವಾಲ್ವ್ ಹೋಗಿದೆ ಸಾರ್’ ಅನ್ನುತ್ತಾರೆ. ಆಮೇಲೆ ಮೂರು ದಾರಿ ತೋರಿಸುತ್ತಾರೆ. ನಾಲ್ಕೈದು ನೂರು ಕೊಟ್ಟರೆ ಕೋಡ್ ಅಳಿಸಿ ಲೈಟು ಆರಿಸುತ್ತಾರೆ. ಹತ್ತು ಹದಿನೈದು ಸಾವಿರ ಕೊಟ್ಟರೆ ಹೊಸ ವಾಲ್ವ್ ಹಾಕುತ್ತಾರೆ. ಎರಡೂ ಬೇಡ ಅಂದರೆ ಒಂದು ತಗಡಿನ ತುಂಡು ಇಟ್ಟು ಇಜಿಆರನ್ನೇ ಮುಚ್ಚಿಬಿಡುತ್ತಾರೆ.

ಈ ಮೂರಕ್ಕೂ ನಮ್ಮ ತಕರಾರಿದೆ. ಆ ಲೈಟು ಹತ್ತುವ ಹೊತ್ತಿಗೆ ಎಂಜಿನ್ನಿನ ಒಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಸಿ ಕೂತಿರುತ್ತದೆ. ಮಸಿ ಯಾಕೆ ಕೂತಿತು ಎಂದು ಕೇಳದೆ ಮಾಡಿದ ಯಾವ ಕೆಲಸವೂ ರಿಪೇರಿ ಅಲ್ಲ. ಅದು ನಿಮ್ಮ ದುಡ್ಡಿಗೆ ಮಾಡಿದ ಕತ್ತರಿ.

ಹೊಗೆಯನ್ನು ವಾಪಸ್ ಯಾಕೆ ಕಳಿಸುತ್ತಾರೆ?

ಇಜಿಆರ್ ಎಂದರೆ ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ವ್ಯವಸ್ಥೆ. ಕೇಳಿದರೆ ಹುಚ್ಚುತನ ಅನ್ನಿಸುತ್ತದೆ, ಆದರೆ ಅದಕ್ಕೊಂದು ಕಾರಣವಿದೆ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ನೈಟ್ರೋಜನ್. ಅದು ಸಾಧುಪ್ರಾಣಿ, ತನ್ನ ಪಾಡಿಗೆ ತಾನಿರುತ್ತದೆ. ಆದರೆ ಡೀಸೆಲ್ ಉರಿಯುವ ಜಾಗದಲ್ಲಿ ಶಾಖ ವಿಪರೀತ ಏರಿದಾಗ ಅದು ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಕಣ್ಣಿಗೆ ಕಾಣದ, ಮಕ್ಕಳ ಮತ್ತು ಉಬ್ಬಸದವರ ಎದೆಗೆ ಕೆಟ್ಟದಾದ ವಿಷಗಾಳಿ ಅದು.

ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದನ್ನು ಹೊಸ ಗಾಳಿಗೆ ಬೆರೆಸಿದರೆ ಉರಿಯ ಶಾಖ ಇಳಿಯುತ್ತದೆ, ವಿಷಗಾಳಿಯೂ ಇಳಿಯುತ್ತದೆ. ಬಿಎಸ್-4 ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6ರಲ್ಲಿ ಅದು 0.08 ಗ್ರಾಂಗೆ ಇಳಿಯಿತು. ಈ ಮಿತಿಯೊಳಗೆ ಇರಲು ಇಜಿಆರ್ ಬೇಕು.

ಇದಕ್ಕೆ ಕೊಡಬೇಕಾದ ಬೆಲೆಯೇ ಮಸಿ. ಆಮ್ಲಜನಕ ಮತ್ತು ಶಾಖ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಹಸಿ ಸೌದೆ ಹಾಕಿದ ಒಲೆಯ ಹಾಗೆ ಕರಿ ಹೆಚ್ಚು ಬರುತ್ತದೆ. ಆ ಕರಿಹೊಗೆಯೇ ಇಜಿಆರ್ ದಾರಿಯಲ್ಲಿ ವಾಪಸ್ ಬರುತ್ತದೆ.

ಕಾಡಿಗೆ ಆಗುವ ಬಗೆ

ಒಣ ಮಸಿ ಅಷ್ಟು ಕಾಟ ಕೊಡುವುದಿಲ್ಲ, ಊದಿದರೆ ಹಾರುತ್ತದೆ. ಅದಕ್ಕೆ ಎಣ್ಣೆ ಸೇರಿದಾಗ ಕಥೆ ಬೇರೆ. ದೀಪದ ಮಸಿಗೆ ಹರಳೆಣ್ಣೆ ಬೆರೆಸಿ ಕಾಡಿಗೆ ಮಾಡುವುದನ್ನು ಮನೆಯಲ್ಲಿ ನೋಡಿದ್ದೀರಿ. ಎಂಜಿನ್ನಿನಲ್ಲೂ ಅದೇ ಆಗುತ್ತದೆ. ಎಂಜಿನ್ ಕೆಳಭಾಗದಲ್ಲಿ ಏಳುವ ಆಯಿಲ್ ಆವಿಯನ್ನು ಹೊರಗೆ ಬಿಡಬಾರದೆಂದು ಒಂದು ಪೈಪಿನ ಮೂಲಕ ಗಾಳಿ ಹೋಗುವ ದಾರಿಗೇ ಸೇರಿಸಿರುತ್ತಾರೆ. ಆ ಆವಿ ಮತ್ತು ಇಜಿಆರ್ ತಂದ ಮಸಿ ಇಂಟೇಕ್ ಮ್ಯಾನಿಫೋಲ್ಡ್ ಎಂಬ ಗಾಳಿಕೊಳವೆಯಲ್ಲಿ ಭೇಟಿಯಾಗುತ್ತವೆ. ಅಲ್ಲಿಂದ ಕಾಡಿಗೆಯ ಒಂದೊಂದು ಪದರ ಗೋಡೆಗೆ ಅಂಟುತ್ತ ಹೋಗುತ್ತದೆ. ದಿನ ಕಳೆದಂತೆ ಅದು ಒಣಗಿ, ಡಾಂಬರಿನಂತೆ ಗಟ್ಟಿಯಾಗುತ್ತದೆ. ಮೂರು ಬೆರಳು ಹೋಗುತ್ತಿದ್ದ ತೂತಿನಲ್ಲಿ ಕಿರುಬೆರಳೂ ಹೋಗದ ಸ್ಥಿತಿ ಬರುತ್ತದೆ.

ಇದರಲ್ಲಿ ಹಳ್ಳಿಯ ಕಾರಿಗೆ ಹೆಚ್ಚಿನ ಏಟು. ಇಜಿಆರ್ ವಾಲ್ವ್ ತೆರೆದುಕೊಳ್ಳುವುದು ನಿಧಾನವಾಗಿ, ಹಗುರವಾಗಿ ಓಡಿಸುವಾಗ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು ಮುಚ್ಚಿಕೊಳ್ಳುತ್ತದೆ. ಡೇರಿಗೆ ಮೂರು ಕಿಲೋಮೀಟರ್, ಶಾಲೆಗೆ ನಾಲ್ಕು, ಗುಂಡಿ ತಪ್ಪಿಸುತ್ತ ಮೂರನೇ ಗೇರಿನಲ್ಲಿ ಸಾಗುವ ನಮ್ಮ ಓಡಾಟವೆಲ್ಲ ವಾಲ್ವ್ ತೆರೆದಿರುವ ವಲಯದಲ್ಲೇ ನಡೆಯುತ್ತದೆ. ಎಂಜಿನ್ ಕಾಯುವಷ್ಟರಲ್ಲಿ ಊರು ಬಂದಿರುತ್ತದೆ. ತಣ್ಣಗಿನ ಗೋಡೆಗೆ ಮಸಿ ಬೇಗ ಅಂಟುತ್ತದೆ.

ಕಂಪ್ಯೂಟರಿಗೆ ಮಸಿ ಕಾಣುವುದಿಲ್ಲ

ಗ್ಯಾರೇಜಿನಲ್ಲಿ ಯಾರೂ ಬಿಡಿಸಿ ಹೇಳದ ಮಾತು ಇದು. ಎಷ್ಟು ಮಸಿ ಕೂತಿದೆ ಎಂದು ಈ ದಾರಿಯಲ್ಲಿ ಅಳೆಯುವ ಸಾಧನ ಯಾವುದೂ ಇಲ್ಲ. ಸಾಮಾನ್ಯವಾಗಿ ಕಾರಿನ ಕಂಪ್ಯೂಟರ್ ನೋಡುವುದು ಏರ್ ಫಿಲ್ಟರ್ ದಾಟಿ ಎಷ್ಟು ಹೊಸ ಗಾಳಿ ಒಳಗೆ ಬಂತು ಎಂಬುದನ್ನು. ವಾಲ್ವ್ ತೆರೆದರೆ ಹೊಗೆ ಬಂದು ಜಾಗ ತುಂಬುತ್ತದೆ, ಅಷ್ಟರಮಟ್ಟಿಗೆ ಹೊಸ ಗಾಳಿ ಕಡಿಮೆಯಾಗಬೇಕು. ತೆರೆಯಲು ಹೇಳಿದರೂ ಗಾಳಿ ಕಡಿಮೆಯಾಗದಿದ್ದರೆ ‘ಹೊಗೆ ಬರುತ್ತಿಲ್ಲ’ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಸ್ಕ್ಯಾನರಿನಲ್ಲಿ P0401 ಎಂದು ಬರುವುದು ಇದಕ್ಕೇ. ಇಜಿಆರ್ ಹರಿವು ಸಾಲದು ಎಂಬುದಷ್ಟೇ ಅದರ ಅರ್ಥ. ವಾಲ್ವ್ ಸತ್ತಿದೆ ಎಂದು ಅದು ಎಲ್ಲೂ ಹೇಳಿಲ್ಲ.

ಹರಿವು ಸಾಲದೇ ಇರಲು ವಾಲ್ವ್ ಅಂಟಿಕೊಂಡಿರಬಹುದು, ಅದರಾಚೆಯ ದಾರಿ ಮುಚ್ಚಿರಬಹುದು. ಗಾಳಿ ಅಳೆಯುವ ಸೆನ್ಸಾರಿಗೆ ಕೊಳೆ ಕೂತು ಅಳತೆಯೇ ತಪ್ಪಿರಬಹುದು. ಒಂದೇ ಕೋಡ್, ಮೂರು ಬೇರೆ ಬೇರೆ ಕಾಯಿಲೆ.

ಲೈಟು ತಡವಾಗಿ ಹತ್ತಲು ಕಾರಣವೂ ಇಲ್ಲೇ ಇದೆ. ದಾರಿ ಸ್ವಲ್ಪ ಕಿರಿದಾದರೆ ಕಂಪ್ಯೂಟರ್ ವಾಲ್ವನ್ನು ಇನ್ನಷ್ಟು ತೆರೆದು ಸರಿದೂಗಿಸುತ್ತದೆ. ಪೂರ್ತಿ ತೆರೆದರೂ ಸಾಲದೇ ಹೋದಾಗ, ಅದೂ ಸಾಮಾನ್ಯವಾಗಿ ಎರಡು ಓಡಾಟಗಳಲ್ಲಿ ಒಂದರ ಹಿಂದೆ ಒಂದು ಅದೇ ತಪ್ಪು ಕಂಡಾಗ ಮಾತ್ರ ಲೈಟು ಹತ್ತಿಸುತ್ತದೆ. ಮೂರು ಓಡಾಟಗಳಲ್ಲಿ ಸಾಲಾಗಿ ತಪ್ಪು ಕಾಣದಿದ್ದರೆ ಲೈಟು ತಾನೇ ಆರುತ್ತದೆ. ಹೆದ್ದಾರಿಯಲ್ಲಿ ಓಡಿಸಿದ ಮೇಲೆ ಲೈಟು ಹೋಯಿತು, ಗಾಡಿ ಸರಿಹೋಯಿತು ಎಂದುಕೊಳ್ಳುವವರು ಮೋಸ ಹೋಗುವುದು ಹೀಗೆ. ಒಳಗಿನ ಮಸಿ ಹಾಗೇ ಇರುತ್ತದೆ.

ಒಂದು ಕಾರಿನ ಲೆಕ್ಕ

ಅರಸೀಕೆರೆ ತಾಲ್ಲೂಕಿನ ಬಾಡಿಗೆ ಕಾರಿನವರೊಬ್ಬರು ತಮ್ಮ ಬಿಲ್ಲುಗಳನ್ನೆಲ್ಲ ನಮ್ಮ ಮುಂದೆ ಹರಡಿದರು. 2014ರ ಮಾಡೆಲ್, 1.3 ಲೀಟರ್ ಡೀಸೆಲ್ ಎಂಜಿನ್, ಓಡಿದ್ದು 1,32,000 ಕಿಲೋಮೀಟರ್. ವಾರವಿಡೀ ಶಾಲೆ ಮಕ್ಕಳ ಟ್ರಿಪ್, ಒಂದೊಂದು ಸಲಕ್ಕೆ ನಾಲ್ಕೈದು ಕಿಲೋಮೀಟರ್. ಆರು ತಿಂಗಳಿಂದ ಪಿಕಪ್ ಕಡಿಮೆಯಾಗಿತ್ತು, ದಿಬ್ಬದಲ್ಲಿ ಎರಡನೇ ಗೇರಿಗೆ ಇಳಿಸಬೇಕಿತ್ತು. ಆಮೇಲೆ ಲೈಟು ಹತ್ತಿತು. ಕೋಡ್ P0401.

ಮೊದಲ ಗ್ಯಾರೇಜ್ 500 ರೂಪಾಯಿ ತೆಗೆದುಕೊಂಡು ಕೋಡ್ ಅಳಿಸಿತು. ಒಂಬತ್ತನೇ ದಿನಕ್ಕೆ ಲೈಟು ವಾಪಸ್. ಎರಡನೇ ಗ್ಯಾರೇಜ್ 13,500 ರೂಪಾಯಿಗೆ ಹೊಸ ವಾಲ್ವ್ ಹಾಕಿತು, ಹಳೆಯದನ್ನು ತಾನೇ ಇಟ್ಟುಕೊಂಡಿತು. ಹನ್ನೆರಡು ದಿನಕ್ಕೆ ಮತ್ತೆ ಲೈಟು, ಮತ್ತೆ ಅದೇ P0401.

ಮೂರನೆಯ ಮೆಕ್ಯಾನಿಕ್ ಚಿಕ್ಕ ಹುಡುಗ. ಅವನು ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಕಾಯಿಸಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಸ್ಕ್ಯಾನರಿನಿಂದ ವಾಲ್ವ್ ಮುಚ್ಚಿಸಿ ಗಾಳಿಯ ಅಳತೆ ನೋಡಿದ. ಒಂದೊಂದು ಸಿಲಿಂಡರ್ ಒಂದು ಸಲಕ್ಕೆ 310 ಮಿಲಿಗ್ರಾಂ ಗಾಳಿ ಎಳೆಯುತ್ತಿತ್ತು. ಈ ಗಾತ್ರದ ಎಂಜಿನ್ನಿಗೆ ಅದು ಸರಿಯಾದ ಲೆಕ್ಕ, ಅಂದರೆ ಗಾಳಿಯ ಸೆನ್ಸಾರ್ ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ವಾಲ್ವ್ ತೆರೆಸಿದ. ಅಳತೆ 295ಕ್ಕೆ ಬಂದು ನಿಂತಿತು. ಮೂರನೇ ಒಂದು ಪಾಲಿನಷ್ಟು ಇಳಿಯಬೇಕಾದ ಕಡೆ ಹದಿನೈದು ಮಿಲಿಗ್ರಾಂ ಮಾತ್ರ ಇಳಿದಿತ್ತು. ವಾಲ್ವ್ ತೆರೆದದ್ದು ಸ್ಕ್ಯಾನರಿನಲ್ಲೇ ಕಾಣುತ್ತಿತ್ತು. ಹೊಸ ವಾಲ್ವ್ ತನ್ನ ಕೆಲಸ ಮಾಡುತ್ತಿತ್ತು, ಅದರಾಚೆ ಹೊಗೆ ಹೋಗಲು ದಾರಿ ಇರಲಿಲ್ಲ.

ಅದೇ ಸ್ಕ್ಯಾನರಿನಲ್ಲಿ ಅವನು ಇನ್ನೊಂದನ್ನು ಗಮನಿಸಿದ. ಅಷ್ಟು ಹೊತ್ತು ಕಾಯಿಸಿದರೂ ಎಂಜಿನ್ ನೀರಿನ ಶಾಖ 64 ಡಿಗ್ರಿ ದಾಟಿರಲಿಲ್ಲ.

‘ಅಣ್ಣಾ, ಓಡಿಸುವಾಗ ಟೆಂಪರೇಚರ್ ಮುಳ್ಳು ಎಲ್ಲೀವರೆಗೂ ಬರ್ತದೆ?’

‘ಅರ್ಧಕ್ಕೂ ಬರಲ್ಲ ಕಣಪ್ಪ. ನಮ್ಮ ಎಂಜಿನ್ ಯಾವಾಗ್ಲೂ ತಣ್ಣಗೇ ಇರ್ತದೆ.’

‘ಕಾಯಿಲೆ ಅದೇ ಅಣ್ಣಾ.’

ಎರಡು ವರ್ಷದ ಹಿಂದೆ ರೇಡಿಯೇಟರ್ ಸೋರಿ ಎಂಜಿನ್ ಕಾದಿತ್ತಂತೆ. ಆಗ ಯಾರೋ ಥರ್ಮೋಸ್ಟ್ಯಾಟ್ ಕಿತ್ತುಹಾಕಿ ‘ಇನ್ನು ಬಿಸಿಯೇ ಆಗಲ್ಲ’ ಎಂದು ಕಳಿಸಿದ್ದರು. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ಅದಿಲ್ಲದೆ ಎರಡು ವರ್ಷ ಆ ಎಂಜಿನ್ ಅರೆಬೆಂದ ಸ್ಥಿತಿಯಲ್ಲೇ ಓಡಿತು. ಡೀಸೆಲ್ ಸರಿಯಾಗಿ ಉರಿಯಲಿಲ್ಲ, ಮಸಿ ಹೆಚ್ಚಿತು, ತಣ್ಣಗಿನ ಕೊಳವೆಗೆ ಅಂಟಿತು.

ಹುಡುಗ ಮ್ಯಾನಿಫೋಲ್ಡ್ ಬಿಚ್ಚಿ ಹೊರಗೆ ತೆಗೆದ. ಇಜಿಆರ್ ಹೊಗೆ ಬಂದು ಸೇರುವ ಬಾಯಲ್ಲಿ ಪೆನ್ಸಿಲ್ ದಪ್ಪದ ತೂತು ಮಾತ್ರ ಉಳಿದಿತ್ತು. ಒಂದು ದಿನ ನೆನೆಹಾಕಿ, ಕೆರೆದು, ತೊಳೆದು, ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ. ಅದಕ್ಕೆ 4,200 ರೂಪಾಯಿ. ಹೊಸ ಥರ್ಮೋಸ್ಟ್ಯಾಟ್ ಮತ್ತು ಕೂಲೆಂಟಿಗೆ 1,900. ಮತ್ತೆ ಅದೇ ಪರೀಕ್ಷೆ ಮಾಡಿದಾಗ ಗಾಳಿ 310ರಿಂದ 205ಕ್ಕೆ ಇಳಿಯಿತು. ನೀರಿನ ಶಾಖ 88 ಡಿಗ್ರಿಗೆ ಬಂದು ನಿಂತಿತು.

ಕೆಲಸಕ್ಕೆ ಬಂದ ಖರ್ಚು 6,100 ರೂಪಾಯಿ. ಅದಕ್ಕೂ ಮೊದಲು ನೀರಿಗೆ ಹೋದದ್ದು 14,000. ಈ ಹದಿನಾಲ್ಕು ಸಾವಿರ ತಪ್ಪಿಸಲು ಬೇಕಾಗಿದ್ದದ್ದು ಹತ್ತು ನಿಮಿಷದ ಒಂದು ಪರೀಕ್ಷೆ.

ತಗಡು ಹಾಕುವವರಿಗೆ

ಕೋಡ್ ಅಳಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಜ್ವರ ಬಂದವರ ಥರ್ಮಾಮೀಟರ್ ಒಡೆದ ಹಾಗೆ. ವಾಲ್ವ್ ಬದಲಿಸುವುದು ಕೆಲವೊಮ್ಮೆ ನಿಜಕ್ಕೂ ಬೇಕು. ಅದರ ಮೋಟಾರ್ ಸುಟ್ಟಿದ್ದರೆ, ಒಳಗಿನ ಗೇರ್ ಸವೆದಿದ್ದರೆ, ತೊಳೆದರೂ ಅದು ಹೇಳಿದ ಮಾತು ಕೇಳದಿದ್ದರೆ ಬದಲಿಸಲೇಬೇಕು. ನಮ್ಮ ಜಗಳ ಪರೀಕ್ಷೆ ಮಾಡದೆ ಬದಲಿಸುವವರ ಜೊತೆ.

ತಗಡು ಹಾಕುವವರ ವಾದದಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದು ಬೇಗ ಹರಡುತ್ತದೆ. ಇಜಿಆರ್ ಮುಚ್ಚಿದರೆ ಗಾಳಿಕೊಳವೆಗೆ ಮಸಿ ಬರುವುದು ನಿಲ್ಲುತ್ತದೆ, ನಿಜ. ಕರಿಹೊಗೆಯೂ ಕಡಿಮೆಯಾಗಬಹುದು, ಅದೂ ನಿಜ. ಆದರೆ ಆಗಲೇ ಕೂತಿರುವ ಮಸಿ ಅಲ್ಲೇ ಇರುತ್ತದೆ. ಹರಿವು ಸೊನ್ನೆಯಾದ್ದರಿಂದ ಲೈಟು ಮತ್ತೆ ಹತ್ತುತ್ತದೆ. ಅದನ್ನು ಆರಿಸಲು ಸಾಫ್ಟ್‌ವೇರ್ ತಿದ್ದಬೇಕು, ಅದಕ್ಕೆ ಮತ್ತೊಂದು ಬಿಲ್. ತಿದ್ದದೆ ಬಿಟ್ಟರೆ ಲೈಟು ಸದಾ ಉರಿಯುತ್ತಿರುತ್ತದೆ, ನಾಳೆ ಇಂಜೆಕ್ಟರ್ ಕೆಟ್ಟರೂ ಟರ್ಬೊ ಕೆಟ್ಟರೂ ನಿಮಗೆ ಹೊಸದಾಗಿ ಏನೂ ತಿಳಿಯುವುದಿಲ್ಲ.

ಇನ್ನು ವಿಷಗಾಳಿ. ‘ಎಮಿಷನ್ ಟೆಸ್ಟ್ ಪಾಸಾಗುತ್ತೆ ಬಿಡಿ’ ಎಂದು ಅವರು ಹೇಳುವುದೂ ನಿಜವೇ, ಯಾಕೆಂದರೆ ಡೀಸೆಲ್ ಗಾಡಿಗೆ ಆ ಪರೀಕ್ಷೆಯಲ್ಲಿ ಅಳೆಯುವುದು ಹೊಗೆ ಎಷ್ಟು ಕಪ್ಪು ಎಂಬುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡ್ ಅಲ್ಲಿ ಲೆಕ್ಕಕ್ಕೇ ಇಲ್ಲ. ಇಜಿಆರ್ ಮುಚ್ಚಿದ ಕಾರು ಸರ್ಟಿಫಿಕೇಟ್ ಅಂಟಿಸಿಕೊಂಡು, ಕಣ್ಣಿಗೆ ಕಾಣದ ವಿಷವನ್ನು ಶಾಲೆಯ ಗೇಟಿನ ಮುಂದೆ ಹೆಚ್ಚಾಗಿ ಬಿಡುತ್ತ ನಿಂತಿರುತ್ತದೆ. ಕಾನೂನಿನ ಮಾತು ಬಂದರೆ, ಕಂಪನಿ ಕೊಟ್ಟ ಗಾಡಿಯ ಮೂಲ ರಚನೆಯನ್ನು ಹೀಗೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಹೊಣೆ ಬರುವುದು ಆರ್‌ಸಿಯಲ್ಲಿ ಹೆಸರಿರುವ ನಿಮ್ಮ ಮೇಲೆ.

ದೊಡ್ಡವರು ಇದನ್ನೇ ಮಾಡಿದರು

ಗ್ಯಾರೇಜ್ ಹುಡುಗರನ್ನು ಬೈದು ಸುಮ್ಮನಾದರೆ ಅನ್ಯಾಯ. ಅವರು ತಗಡಿನಿಂದ ಮಾಡಿದ್ದನ್ನು ಕಾರು ಕಂಪನಿಗಳು ಸಾಫ್ಟ್‌ವೇರಿನಿಂದ ಮಾಡಿವೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ನಿಮಗೆ ನೆನಪಿರಬಹುದು. ಪರೀಕ್ಷೆ ನಡೆಯುವಾಗ ಹೊಗೆ ನಿಯಂತ್ರಣ ಪೂರ್ತಿ ಇರುತ್ತಿತ್ತು, ರಸ್ತೆಗೆ ಬಂದ ಮೇಲೆ ಕಡಿಮೆಯಾಗುತ್ತಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸ್ ಕರೆಯುವುದಾಗಿ ಕಂಪನಿ ಹೇಳಿತು.

ಆಮೇಲೆ ಬಂದ ಇನ್ನೊಂದು ಮೊಕದ್ದಮೆ ನಮ್ಮ ವಿಷಯಕ್ಕೆ ಮತ್ತೂ ಹತ್ತಿರ. ಆ ಕಾರುಗಳಿಗೆ ಹಾಕಿದ ಹೊಸ ಸಾಫ್ಟ್‌ವೇರಿನಲ್ಲಿ ಹೊರಗಿನ ಹವೆ 15ರಿಂದ 33 ಡಿಗ್ರಿ ನಡುವೆ ಇದ್ದರೆ ಮಾತ್ರ ಇಜಿಆರ್ ಪೂರ್ತಿ ಕೆಲಸ ಮಾಡುತ್ತಿತ್ತು. ಯಾಕೆ ಎಂದು ಕೇಳಿದಾಗ ಬಂದ ಸಮರ್ಥನೆ, ಇಜಿಆರ್ ಮತ್ತಿತರ ಭಾಗಗಳಿಗೆ ಮಸಿ ಕಟ್ಟಿ ಹಾಳಾಗುವುದನ್ನು ತಪ್ಪಿಸಲು ಎಂದು. ಭಾಗಗಳನ್ನು ಉಳಿಸುವುದು ಮಾತ್ರವೇ ಕಾರಣವಾದರೆ ಅದು ಸಾಲದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರ ಜುಲೈ 14ರಂದು ಹೇಳಿತು.

ಅಂದರೆ ಮಸಿ ಕಟ್ಟುತ್ತದೆ ಎಂಬುದು ಕಾರು ತಯಾರಿಸುವವರಿಗೆ ಚೆನ್ನಾಗಿ ಗೊತ್ತು. ಕೋರ್ಟಿನಲ್ಲಿ ಅದನ್ನೇ ಮುಂದಿಟ್ಟು ವಾದಿಸುವಷ್ಟು ಗೊತ್ತು. ಹಾಗಿದ್ದ ಮೇಲೆ ನಮಗೆ ಕೊಡುವ ಸರ್ವಿಸ್ ಪುಸ್ತಕದಲ್ಲಿ ಅದು ಯಾಕಿಲ್ಲ? ಇಷ್ಟು ಕಿಲೋಮೀಟರಿಗೆ ಆಯಿಲ್, ಇಷ್ಟಕ್ಕೆ ಫಿಲ್ಟರ್ ಎಂದು ಪಟ್ಟಿ ಇರುತ್ತದೆ. ನಾವು ತಿರುವಿ ನೋಡಿದ ಪುಸ್ತಕಗಳಲ್ಲಿ ಇಜಿಆರ್ ದಾರಿ ಬಿಚ್ಚಿ ನೋಡಿ ಎಂಬ ಒಂದು ಸಾಲು ಸಿಗಲಿಲ್ಲ. ಆ ಸಾಲು ಬೇಕು. ಎಮಿಷನ್ ಟೆಸ್ಟಿನಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವ ವ್ಯವಸ್ಥೆಯೂ ಬೇಕು. ಇವೆರಡೂ ಇಲ್ಲದಿರುವುದರಿಂದಲೇ ತಗಡಿನ ವ್ಯಾಪಾರ ನಡೆಯುತ್ತಿದೆ.

ದುಡ್ಡು ಕೊಡುವ ಮೊದಲು

ಅವು ಬರುವ ತನಕ ನಿಮ್ಮ ಕೈಯಲ್ಲಿ ಇರುವುದು ಪ್ರಶ್ನೆ. ಕೋಡ್ ಯಾವುದು ಎಂದು ಕೇಳಿ, ಸ್ಕ್ಯಾನರಿನ ಫೋಟೋ ತೆಗೆದುಕೊಳ್ಳಿ. P0403 ಬಂದಿದ್ದರೆ ಅದು ವಾಲ್ವಿನ ಕರೆಂಟ್ ಸರ್ಕ್ಯೂಟಿನ ತೊಂದರೆ, ಮೊದಲು ವೈರ್ ಮತ್ತು ಕನೆಕ್ಟರ್ ನೋಡಲಿ. P0401 ಬಂದಿದ್ದರೆ ವಾಲ್ವ್ ಮುಚ್ಚಿದಾಗ ಗಾಳಿ ಎಷ್ಟು, ತೆರೆದಾಗ ಎಷ್ಟು ಎಂದು ಕೇಳಿ. ಈ ಎರಡು ಸಂಖ್ಯೆ ಹೇಳಲಾಗದವರಿಗೆ ಹೊಸ ವಾಲ್ವ್ ಹಾಕಲು ಬಿಡಬೇಡಿ. ಎಂಜಿನ್ ನೀರಿನ ಶಾಖ ಎಷ್ಟಕ್ಕೆ ನಿಲ್ಲುತ್ತದೆ ಎಂದೂ ಕೇಳಿ. ಬಿಚ್ಚಿದ ಹಳೆ ಸಾಮಾನನ್ನು ಮನೆಗೆ ತನ್ನಿ, ದುಡ್ಡು ಕೊಟ್ಟವರು ನೀವು.

ತೊಳೆಯುವುದಾದರೆ ಬಿಚ್ಚಿ ಹೊರಗೆ ತೆಗೆದೇ ತೊಳೆಯಬೇಕು. ಓಡುತ್ತಿರುವ ಎಂಜಿನ್ನಿಗೆ ಸ್ಪ್ರೇ ಹೊಡೆದರೆ ಗಟ್ಟಿ ಮಸಿಯ ಚೂರು ಕಿತ್ತು ಒಳಗೆ ಹೋಗಬಹುದು. ಡೀಸೆಲ್ ಟ್ಯಾಂಕಿಗೆ ಸುರಿಯುವ ಬಾಟಲಿಗಳಿಂದ ಈ ಮಸಿ ಹೋಗುವುದಿಲ್ಲ. ಡೀಸೆಲ್ ನೇರವಾಗಿ ಸಿಲಿಂಡರಿಗೆ ಚಿಮ್ಮುತ್ತದೆ, ಗಾಳಿಕೊಳವೆಯ ಗೋಡೆಯನ್ನು ಅದು ಮುಟ್ಟುವುದೇ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ, ಎಂಜಿನ್ ಪೂರ್ತಿ ಕಾದ ಮೇಲೆ 2,000ದಿಂದ 2,500 ಆರ್‌ಪಿಎಂನಲ್ಲಿ ಓಡಿಸಿದರೆ ಹೊಸ ಮಸಿ ಕೂರುವುದು ನಿಧಾನವಾಗುತ್ತದೆ. ಹಳೆಯ ಗಟ್ಟಿ ಪದರ ಅದರಿಂದ ಕರಗುವುದಿಲ್ಲ.

ಈ ವಾರ ಒಂದು ಕೆಲಸ ಮಾಡಿ. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಟೆಂಪರೇಚರ್ ಮುಳ್ಳು ನೋಡಿ. ಅದು ಮೇಲೇರದೆ ಕೆಳಗೇ ಕೂತಿದ್ದರೆ, ಅಥವಾ ಓಡಿಸುವಾಗ ಇಳಿದು ನಿಂತಾಗ ಏರುತ್ತಿದ್ದರೆ, ಲೈಟು ಹತ್ತುವುದನ್ನು ಕಾಯಬೇಡಿ. ಥರ್ಮೋಸ್ಟ್ಯಾಟ್ ಇದೆಯೇ, ಕಿತ್ತುಹಾಕಿದ್ದಾರೆಯೇ ಎಂದು ತೆಗೆಸಿ ನೋಡಿ. ಹಳದಿ ಲೈಟು ಹೇಳುವ ಹೊತ್ತಿಗೆ ಮಸಿ ಗಟ್ಟಿಯಾಗಿರುತ್ತದೆ, ಮುಳ್ಳು ಎರಡು ವರ್ಷ ಮೊದಲೇ ಹೇಳುತ್ತಿರುತ್ತದೆ.